ಆಟೊ ಓಡಿಸುವವರಿಗೂ ಪಿಂಚಣಿ: ಅಟಲ್ ಖಾತೆ ತೆರೆಯುವುದು ಹೀಗೆ

ಮೈಸೂರಿನ ನಮ್ಮ ಬೀದಿಯಲ್ಲಿ ಒಬ್ಬ ತಾತ ಇದ್ದಾರೆ. 68ನೇ ವಯಸ್ಸಿನವರೆಗೂ ಆಟೊ ಓಡಿಸಿದವರು. ಕಣ್ಣಿಗೆ ಪೊರೆ ಬಂದ ಮೇಲೆ ಗಾಡಿ ಮಾರಿದರು. ಈಗ ಕೈಗೆ ಬರುವುದು ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿ ಮಾತ್ರ. ಒಂದು ದಿನ ಪಕ್ಕದ ಮನೆಯ ಆಟೊ ಡ್ರೈವರ್ ಅವರನ್ನು ಆಸ್ಪತ್ರೆಗೆ ಕರೆದೊಯ್ದ. ಇಳಿಯುವಾಗ ತಾತ ಎಷ್ಟಾಯ್ತಪ್ಪ ಅಂತ ಕೇಳಿ, ಚೀಲದಲ್ಲಿದ್ದ ಚಿಲ್ಲರೆ ಎಣಿಸತೊಡಗಿದರು. 'ಬಿಡಿ ತಾತ' ಅಂದ ಇವನು. ಆದರೆ ಆ ಎಣಿಕೆ ಅವನ ತಲೆಯಿಂದ ಹೋಗಲಿಲ್ಲ. ಅವನಿಗೆ ಆಗ 35.

ಅವನು ಮೊದಲು ವಿಚಾರಿಸಿದ್ದು ಶ್ರಮ ಯೋಗಿ ಮಾನಧನ್ ಯೋಜನೆ. 35ರ ವಯಸ್ಸಿಗೆ ತಿಂಗಳಿಗೆ 150 ರೂಪಾಯಿ ಕಟ್ಟಿದರೆ ಸರ್ಕಾರವೂ ಅಷ್ಟೇ ಹಾಕುತ್ತದೆ, 60ರ ನಂತರ 3,000 ಪಿಂಚಣಿ. ಅಗ್ಗವೇ ಸರಿ. ಆದರೆ ತಿಂಗಳ ಆದಾಯ 15,000 ದಾಟಿರಬಾರದು. ಗ್ಯಾಸು, ರಿಪೇರಿ ಕಳೆದು ಇವನಿಗೆ ಹತ್ತಿರ ಹತ್ತಿರ 20,000 ಉಳಿಯುತ್ತಿತ್ತು. ಸುಮ್ನೆ ಸುಳ್ಳು ಬರೆಯುವುದು ಬೇಡ ಅಂತ ಅಟಲ್ ಪಿಂಚಣಿ ಯೋಜನೆಗೆ ಬಂದ. ನಿಮ್ಮ ಆದಾಯ ಆ ಮಿತಿಯ ಒಳಗಿದ್ದರೆ ಮೊದಲನೆಯದನ್ನೇ ನೋಡಿ.

ಅಟಲ್ ಯೋಜನೆಗೆ 18 ತುಂಬಿರಬೇಕು, 40 ತುಂಬುವ ಮೊದಲೇ ಸೇರಬೇಕು, ಆದಾಯ ತೆರಿಗೆ ಕಟ್ಟುವವರಾಗಿರಬಾರದು. ಉಳಿತಾಯ ಖಾತೆ ಇರುವ ಬ್ಯಾಂಕಿಗೋ ಅಂಚೆ ಕಚೇರಿಗೋ ಆಧಾರ್ ಮತ್ತು ಪಾಸ್‌ಬುಕ್ ಹಿಡಿದು ಹೋಗಿ. ಹೋಗುವ ಮುಂಚೆ ಎರಡರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇದೆಯಾ ನೋಡಿಕೊಳ್ಳಿ. ನಮ್ಮ ಡ್ರೈವರ್‌ಗೆ ತಡವಾಗಿದ್ದೇ ಇಲ್ಲಿ. ಪಾಸ್‌ಬುಕ್ಕಿನಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು.

ಫಾರಂನಲ್ಲಿ ಯೋಚಿಸಿ ತುಂಬಬೇಕಾದ್ದು ಪಿಂಚಣಿ ಮೊತ್ತ. 1,000ದಿಂದ 5,000ದವರೆಗೆ ಐದು ಹಂತಗಳಿವೆ. 35ರಲ್ಲಿ ಸೇರಿದರೆ 3,000 ಪಿಂಚಣಿಗೆ ತಿಂಗಳಿಗೆ 543, 5,000ಕ್ಕೆ 902 ರೂಪಾಯಿ. ಒಂದು ವರ್ಷ ತಡ ಮಾಡಿದರೆ ಅದೇ 5,000ಕ್ಕೆ 990. ವಯಸ್ಸು ಏರಿದಂತೆ ಕಟ್ಟುವ ವರ್ಷಗಳು ಕಡಿಮೆಯಾಗುತ್ತವಲ್ಲ, ಅದಕ್ಕೆ. ಇವನು 902 ಕೇಳಿ ಹಿಂಜರಿದು 543 ಆರಿಸಿದ. ತಪ್ಪೇನಿಲ್ಲ. ವರ್ಷಕ್ಕೊಮ್ಮೆ ಮೊತ್ತ ಬದಲಿಸಬಹುದು. ಆದರೆ ಏರಿಸುವಾಗ ಹಿಂದಿನ ತಿಂಗಳುಗಳ ವ್ಯತ್ಯಾಸವನ್ನೂ ಬಡ್ಡಿ ಸಮೇತ ಕಟ್ಟಬೇಕು. ಬೇಗ ಏರಿಸಿದರೆ ಆ ಹೊರೆ ಚಿಕ್ಕದು.

ಒಂದು ಮಾತು ನೇರವಾಗಿ ಹೇಳಬೇಕು. ಈ 3,000 ಇಪ್ಪತ್ತೈದು ವರ್ಷದ ನಂತರದ 3,000. ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಆಗ ಅದರಲ್ಲಿ ಸಿಗುವುದು ಇವತ್ತಿನ ಸುಮಾರು 700 ರೂಪಾಯಿಯ ಸಾಮಾನು. ಆದ್ದರಿಂದ ಇದೊಂದನ್ನೇ ನಂಬಿ ಕೂರುವಂತಿಲ್ಲ. ಹಾಗಿದ್ದೂ ನನಗೆ ಇದು ಇಷ್ಟವಾಗುವುದು ಹೆಂಡತಿಯ ಲೆಕ್ಕಕ್ಕೆ. ಪಿಂಚಣಿ ಬರುತ್ತಿರುವಾಗ ಇವನು ತೀರಿಕೊಂಡರೆ ಅಷ್ಟೇ ಪಿಂಚಣಿ ಆಕೆಗೆ, ಆಕೆಯ ನಂತರ ಇಡುಗಂಟು ನಾಮಿನಿಗೆ. 3,000ದ ಖಾತೆಗೆ ಅದು 5.1 ಲಕ್ಷ. ಹಾಗಾಗಿ ನಾಮಿನಿ ಜಾಗ ಖಾಲಿ ಬಿಡಬೇಡಿ.

ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಕಟ್ಟಬಹುದು. ಹಣ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಸೇರಿದ ಮೇಲೆ ಪ್ರಾನ್ ಎಂಬ ಪಿಂಚಣಿ ಖಾತೆಯ ನಂಬರ್ ಬರುತ್ತದೆ, ಅದನ್ನು ಜೋಪಾನ ಮಾಡಿ.

ಆಟೊದವರು ಎಡವುವುದು ಕಡಿತದ ಹತ್ತಿರವೇ. ನಮ್ಮವನ ಕ್ಯೂಆರ್ ಸ್ಟಿಕ್ಕರ್‌ನ ದುಡ್ಡು ಒಂದು ಬ್ಯಾಂಕಿಗೆ ಹೋಗುತ್ತಿತ್ತು, ಪಿಂಚಣಿ ಕಡಿತ ಇನ್ನೊಂದರಲ್ಲಿ. ಎರಡನೇ ತಿಂಗಳು ಅಲ್ಲಿದ್ದದ್ದು 210 ರೂಪಾಯಿ. ಕಂತು ತಪ್ಪಿತು. ಬಾಕಿಯ ಮೇಲೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ದಂಡ, ಅಂದರೆ ಇವನಿಗೆ ಐದಾರು ರೂಪಾಯಿ. ದಂಡ ಸಣ್ಣದು, ಆದರೆ ಮೂರು ನಾಲ್ಕು ಕಂತು ಸೇರಿ ಒಟ್ಟಿಗೆ ಕಡಿತವಾದಾಗ ಗ್ಯಾಸಿಗೆ ಇಟ್ಟ ದುಡ್ಡೂ ಹೋಗುತ್ತದೆ. ಈಗ ಅವನು ಸ್ಟಿಕ್ಕರನ್ನೇ ಕಡಿತದ ಖಾತೆಗೆ ಬದಲಿಸಿಕೊಂಡಿದ್ದಾನೆ. ಮೆಸೇಜ್ ಬರದ ತಿಂಗಳು ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡುತ್ತಾನೆ.

ಮಧ್ಯದಲ್ಲಿ ಬಿಡುವುದಾದರೆ ನೀವು ಕಟ್ಟಿದ್ದು, ಅದರ ಗಳಿಕೆ, ಅದರಲ್ಲಿ ನಿರ್ವಹಣಾ ಶುಲ್ಕ ಕಳೆದು ವಾಪಸ್ ಬರುತ್ತದೆ. ಪಿಂಚಣಿಯ ಭರವಸೆ ಅಲ್ಲಿಗೆ ಮುಗಿಯಿತು.

ಹೋದ ವಾರ ಸ್ಟ್ಯಾಂಡಿನಲ್ಲಿ ಇನ್ನೊಬ್ಬರು ಅವನ ಪಾಸ್‌ಬುಕ್ ತಿರುವಿ ನೋಡಿದರು. ವಯಸ್ಸು 39, ಹುಟ್ಟುಹಬ್ಬಕ್ಕೆ ಇನ್ನು ಎರಡು ತಿಂಗಳು. 3,000ಕ್ಕೆ ಅವರಿಗೆ ಬೀಳುವುದು 792. 'ಜಾಸ್ತಿ ಆಯ್ತಲ್ಲಪ್ಪ' ಅಂದರು. 'ನಲವತ್ತು ತುಂಬಿದ್ರೆ ಅದೂ ಸಿಗಲ್ಲಣ್ಣ' ಅಂದ ನಮ್ಮವನು, ಆಟೊ ಸ್ಟಾರ್ಟ್ ಮಾಡುತ್ತಾ. ಬ್ಯಾಂಕು ಆ ದಾರಿಯಲ್ಲೇ ಇತ್ತು.