ಹನ್ನೆರಡು ವಾರದಲ್ಲಿ ಎಂಟು ನೈಟ್

ಪೀಣ್ಯದ ಕಡೆ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಎಚ್‌ಆರ್ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಊಟದ ಬಿಡುವಿನಲ್ಲಿ ಒಬ್ಬ ಆಪರೇಟರ್ ಬಂದು ನಿಂತರು. "ಮೇಡಂ, ನಂಗೆ ಮಾತ್ರ ಯಾಕೆ ನೈಟ್ ಜಾಸ್ತಿ ಬೀಳ್ತಿದೆ? ಸೂಪರ್‌ವೈಸರ್‌ನ ಕೇಳಿದ್ರೆ ಅಡ್ಜಸ್ಟ್ ಮಾಡ್ಕೊ ಅಂತಾರೆ." ಅಷ್ಟೇ ಅವರ ಮಾತು.

ಆಗ ನಾನು ಮಾಡಿದ ಮೊದಲ ತಪ್ಪು, ಇಬ್ಬರನ್ನೂ ಒಟ್ಟಿಗೆ ಕೂರಿಸಿದ್ದು. ಎದುರುಬದುರು ಮಾತಾಡಿದರೆ ಬೇಗ ಬಗೆಹರಿಯುತ್ತದೆ ಅಂದುಕೊಂಡಿದ್ದೆ. ಆದರೆ ಮುಂದಿನ ವಾರದ ಶಿಫ್ಟ್ ಬರೆಯುವವರು ಎದುರಿಗೇ ಕೂತಿರುವಾಗ ಆಪರೇಟರ್ ಏನು ಮಾತಾಡಿಯಾರು? "ಪರವಾಗಿಲ್ಲ ಮೇಡಂ, ನೋಡ್ಕೊತೀನಿ" ಅಂದು ಎದ್ದು ಹೋದರು. ಮಾರನೇ ದಿನ ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದೆ. ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತದೆ ಎಂದು ಇಬ್ಬರಿಗೂ ಹೇಳಿದೆ. ಸೂಪರ್‌ವೈಸರ್ ಬಾಯಿಬಿಟ್ಟರು. ಭಾನುವಾರ ಓವರ್‌ಟೈಮ್‌ಗೆ ಬಾ ಅಂದಾಗ ಆತ ಬರಲಿಲ್ಲ, ಆ ಸಿಟ್ಟು ಇತ್ತು ಅಂದರು. ಮುಂದಿನ ವಾರದಿಂದ ಸರಿ ಮಾಡುತ್ತೇನೆ ಎಂದು ಒಪ್ಪಿದರು.

ಒಪ್ಪಿದ್ದನ್ನು ನಾನು ಬರೆದಿಡಲಿಲ್ಲ. ಎರಡು ಸಾಲು ಸಾಕಿತ್ತು: ಯಾವ ವಾರದಿಂದ ಏನು ಬದಲಾಗುತ್ತದೆ, ಯಾವತ್ತು ಮತ್ತೆ ನೋಡುತ್ತೇವೆ. ಒಂದು ವಾರ ಸರಿಯಾಗಿತ್ತು. ಆಮೇಲೆ ಮತ್ತೆ ನೈಟ್ ಬಿತ್ತು. ಆಗ ಆಪರೇಟರ್ ದೂರು ಕೊಡುತ್ತೇನೆ ಅಂದರು.

ದೂರಿನ ಫಾರಂ ಇಂಗ್ಲಿಷ್‌ನಲ್ಲಿತ್ತು. ಅದನ್ನು ಬದಿಗಿಟ್ಟು ಬಿಳಿ ಹಾಳೆ ಕೊಟ್ಟೆ. ಮೊದಲ ಸಲ ಬರೆದುಕೊಂಡು ಬಂದದ್ದರಲ್ಲಿ "ಸೂಪರ್‌ವೈಸರ್ ಕಿರುಕುಳ ಕೊಡುತ್ತಿದ್ದಾರೆ" ಎಂಬ ಒಂದೇ ಮಾತಿತ್ತು. ಇಂಥ ದೂರಿಗೆ ಎದುರಿನವರು "ಇಲ್ಲ" ಅಂದರೆ ಅಲ್ಲಿಗೆ ಮುಗಿಯಿತು. ಕಾರ್ಮಿಕರ ಪ್ರತಿನಿಧಿಯೊಬ್ಬರನ್ನು ಜೊತೆಗೆ ಕೂರಿಸಿಕೊಂಡು ಮತ್ತೆ ಬರೆಯಿರಿ ಎಂದೆ. ಯಾವ ಯಾವ ವಾರ, ಯಾವ ಶಿಫ್ಟ್, ಯಾರಿಗೆ ಯಾವಾಗ ಹೇಳಿದಿರಿ, ಈಗ ಏನು ಆಗಬೇಕು ಅನ್ನುತ್ತೀರಿ, ಇಷ್ಟು. ನಾನು ಬರೆದುಕೊಡಲಿಲ್ಲ, ಒಂದು ಪದವನ್ನೂ ತಿದ್ದಲಿಲ್ಲ. ದೂರು ಅವರದೇ ಆಗಿರಬೇಕು, ಅಲ್ವಾ? ತಾರೀಕು ಹಾಕಿ, ಸಹಿ ಮಾಡಿ ಒಂದು ಪ್ರತಿ ಅವರ ಕೈಗೆ ಕೊಟ್ಟೆ. ದೂರು ಇತ್ಯರ್ಥವಾಗಬೇಕಾದ ದಿನಗಳ ಲೆಕ್ಕ ಆ ತಾರೀಕಿನಿಂದ ಶುರು.

ಆಗ ಇದ್ದದ್ದು ಕೈಗಾರಿಕಾ ವಿವಾದಗಳ ಕಾಯ್ದೆ. 2010ರ ತಿದ್ದುಪಡಿಯಲ್ಲಿ ಸೇರಿಸಿದ 9ಸಿ ಕಲಂ ಪ್ರಕಾರ 20 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕಿತ್ತು. ಆಡಳಿತದ ಕಡೆಯವರು, ಕಾರ್ಮಿಕರ ಕಡೆಯವರು ಸಮಸಮ. ನಮ್ಮಲ್ಲಿ ಮೂವರು ಮೂವರು ಇದ್ದರು. ಆಡಳಿತದ ಮೂವರಲ್ಲಿ ಒಬ್ಬರು ಇದೇ ಸೂಪರ್‌ವೈಸರ್‌ನ ಮೇಲಧಿಕಾರಿ. ಈ ಒಂದು ದೂರಿಗೆ ಅವರು ಹೊರಗಿರಬೇಕು ಎಂದು ಕೇಳಿದೆ. ಅವರಿಗೆ ಬೇಜಾರಾಯಿತು, ಆದರೂ ಒಪ್ಪಿದರು. ಅವರ ಜಾಗಕ್ಕೆ ಸ್ಟೋರ್ಸ್‌ನವರು ಬಂದರು. ನಾನೂ ಹೊರಗುಳಿದೆ. ಮಾತುಕತೆ ನಡೆಸಿದವಳೇ ವಿಚಾರಣೆಯಲ್ಲೂ ಕೂರಬಾರದು.

ಅತಿ ಕಷ್ಟದ ಗಳಿಗೆ ಬಂದದ್ದು ಇಲ್ಲಿ. ಆಪರೇಟರ್ ನನ್ನ ಹತ್ತಿರ ಬಂದು, "ಮೇಡಂ, ಅವತ್ತು ಅವರು ನಿಮ್ಮ ಮುಂದೆ ಏನೋ ಒಪ್ಕೊಂಡ್ರಲ್ವಾ? ಅದನ್ನ ಸಮಿತಿಗೆ ಹೇಳಿ" ಎಂದರು. ಹೇಳಿದ್ದರೆ ವಿಚಾರಣೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಎರಡು ರಾತ್ರಿ ಯೋಚನೆ ಮಾಡಿದೆ. ಹೇಳಲಿಲ್ಲ. ಮಾತು ಕೊಟ್ಟು ಬಾಯಿಬಿಡಿಸಿದ್ದನ್ನು ಆಮೇಲೆ ಸಾಕ್ಷಿ ಮಾಡಿದರೆ, ಆ ಕಾರ್ಖಾನೆಯಲ್ಲಿ ಇನ್ನು ಯಾರೂ ನನ್ನ ಮುಂದೆ ಮನಸ್ಸು ಬಿಚ್ಚುವುದಿಲ್ಲ. ನಾಳೆ ಇನ್ನೊಬ್ಬ ಕಾರ್ಮಿಕರ ಮಾತೂ ಹಾಗೇ ಹೊರಗೆ ಹೋಗಬಹುದು. ಇದನ್ನೇ ಅವರಿಗೂ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ, ಅದು ಸಹಜ. ಆದರೆ ಶಿಫ್ಟ್ ಚಾರ್ಟ್ ಯಾರ ಗುಟ್ಟೂ ಅಲ್ಲ, ಅದನ್ನು ಸಮಿತಿ ತರಿಸಿಕೊಳ್ಳಬಹುದು ಎಂದೆ.

ಸಮಿತಿ ಹನ್ನೆರಡು ವಾರದ ಚಾರ್ಟ್ ತರಿಸಿತು. ಈ ಆಪರೇಟರ್ ಇದ್ದ ಮೆಷಿನ್ ಸಾಲಿನಲ್ಲಿ ಒಟ್ಟು ಒಂಬತ್ತು ಆಪರೇಟರ್‌ಗಳು, ಪ್ರತಿ ಶಿಫ್ಟ್‌ಗೆ ಮೂವರು. ಸರದಿ ಸರಿಯಾಗಿ ಹೋದರೆ ಒಬ್ಬೊಬ್ಬರಿಗೆ 4 ವಾರ ನೈಟ್ ಬರಬೇಕು. ಇವರಿಗೆ 8 ಬಂದಿತ್ತು. ಉಳಿದವರಲ್ಲಿ ನಾಲ್ವರಿಗೆ 4, ನಾಲ್ವರಿಗೆ 3. ಇನ್ನೂ ಒಂದು ಕಣ್ಣಿಗೆ ಬಿತ್ತು: ಮೊದಲ ನಾಲ್ಕು ವಾರದಲ್ಲಿ ಇವರಿಗೆ ಇದ್ದದ್ದು ಒಂದೇ ನೈಟ್. ಮಿಕ್ಕ ಏಳೂ ಆಮೇಲಿನ ಎಂಟು ವಾರದಲ್ಲಿ ಬಂದಿದ್ದವು.

ಸೂಪರ್‌ವೈಸರ್‌ಗೂ ದೂರಿನ ಪ್ರತಿ ಕೊಟ್ಟು, ಉತ್ತರಕ್ಕೆ ಮೂರು ದಿನ ಕೊಟ್ಟಿದ್ದರು. ಅವರು ಸ್ಕಿಲ್ ಮ್ಯಾಟ್ರಿಕ್ಸ್, ಅಂದರೆ ಯಾರಿಗೆ ಯಾವ ಕೆಲಸ ಬರುತ್ತದೆ ಎಂಬ ಪಟ್ಟಿ, ತಂದು ತೋರಿಸಿದರು. ಹೊಸ ಮೆಷಿನ್‌ನ ಸೆಟ್ಟಿಂಗ್ ಈ ಆಪರೇಟರ್ ಸೇರಿ ಇಬ್ಬರಿಗೆ ಮಾತ್ರ ಬರುತ್ತದೆ, ರಾತ್ರಿ ಒಬ್ಬರಾದರೂ ಬೇಕೇ ಬೇಕು ಅಂದರು. ಇದು ಸುಮ್ನೆ ಹೇಳಿದ ನೆಪ ಅಲ್ಲ, ನಿಜವಾದ ಅಗತ್ಯವೇ. ಆದರೆ ಆ ಇನ್ನೊಬ್ಬರಿಗೆ ಬಂದಿದ್ದದ್ದು 3 ನೈಟ್ ಮಾತ್ರ.

ಸಮಿತಿ ಬರೆದುಕೊಟ್ಟ ತೀರ್ಮಾನ ಹೀಗಿತ್ತು: ಹಂಚಿಕೆಯಲ್ಲಿ ಅಸಮತೋಲನ ಇದೆ. ಸೇಡಿನಿಂದ ಮಾಡಿದ್ದು ಎಂದು ಹೇಳಲು ಆಧಾರ ಸಾಲದು. ಇನ್ನು ಮುಂದೆ ಚಾರ್ಟ್ ತಿಂಗಳ ಮೊದಲೇ ನೋಟಿಸ್ ಬೋರ್ಡ್‌ಗೆ ಹಾಕಬೇಕು. ಸೆಟ್ಟಿಂಗ್ ಬಲ್ಲವರು ಇಬ್ಬರೇ ಇರುವುದರಿಂದ, ಇನ್ನಿಬ್ಬರಿಗೆ ಕಲಿಸುವವರೆಗೆ ಇವರಿಗೆ ನೈಟ್ ಸ್ವಲ್ಪ ಜಾಸ್ತಿಯೇ ಬರಬಹುದು.

ಈ ಕೊನೆಯ ಮಾತಿಗೆ ಆಪರೇಟರ್ ಒಪ್ಪಲಿಲ್ಲ. ಸಮಿತಿಯ ತೀರ್ಮಾನದ ಮೇಲೆ ಮಾಲೀಕರಿಗೆ ಮೇಲ್ಮನವಿ ಹೋಗಬಹುದಿತ್ತು, ಅದನ್ನು ಅವರು ಒಂದು ತಿಂಗಳಲ್ಲಿ ಮುಗಿಸಬೇಕಿತ್ತು. ನಮ್ಮಲ್ಲಿ ರೂಢಿಯಂತೆ ಮೇಲ್ಮನವಿ ಪ್ಲಾಂಟ್ ಹೆಡ್‌ ಮೇಜಿಗೆ ಹೋಗುತ್ತಿತ್ತು. ಚಾರ್ಟ್ ತಿರುವಿ ನೋಡಿದೆ. ಪ್ರತಿ ವಾರದ ಕೆಳಗೂ ಅವರದೇ ಸಹಿ ಇತ್ತು. ತಾವೇ ಒಪ್ಪಿಗೆ ಕೊಟ್ಟ ಚಾರ್ಟ್ ಸರಿಯೋ ತಪ್ಪೋ ಎಂದು ತಾವೇ ಹೇಳುವುದು ಹೇಗೆ? ಕೊನೆಗೆ ಇನ್ನೊಂದು ಘಟಕದ ನಿರ್ದೇಶಕರಿಗೆ ಒಪ್ಪಿಸಿದೆವು.

ಮೇಲ್ಮನವಿಯಲ್ಲಿ ಆಪರೇಟರ್ ಹಿಡಿದದ್ದು ಒಂದೇ ಎಳೆ. "ಸ್ಕಿಲ್ ಮ್ಯಾಟ್ರಿಕ್ಸ್ ತೋರಿಸಿದ್ದು ನಾನು ಎದ್ದು ಹೋದ ಮೇಲೆ. ಅದನ್ನು ನನಗೆ ಯಾರೂ ತೋರಿಸಲಿಲ್ಲ." ಸಭೆಯ ಟಿಪ್ಪಣಿ ನೋಡಿದರೆ ಅದು ನಿಜ. ಆರೂ ಜನರಿಗೆ ಇದು ಹೊಳೆದಿರಲಿಲ್ಲ. ಒಬ್ಬರ ವಿರುದ್ಧ ಬಳಸುವ ಕಾಗದವನ್ನು ಅವರಿಗೆ ತೋರಿಸಿ "ಏನಂತೀರಿ?" ಎಂದು ಕೇಳದೆ ತೀರ್ಮಾನ ಬರೆಯಬಾರದು. ನಿರ್ದೇಶಕರು ಇಡೀ ವಿಚಾರಣೆಯನ್ನು ಮತ್ತೆ ನಡೆಸಲಿಲ್ಲ, ಆ ಒಂದು ಭಾಗವನ್ನು ಮಾತ್ರ ತೆರೆದರು. ಮ್ಯಾಟ್ರಿಕ್ಸ್ ಕೈಗೆ ಬಂದ ಕೂಡಲೇ ಆಪರೇಟರ್ ಅಂದರು: "ಇದು ಹಳೇದು ಸಾರ್. ಇನ್ನೊಬ್ಬರು ಆಗಲೇ ಟ್ರೇನಿಂಗ್ ಮುಗಿಸಿದ್ದಾರೆ." ಟ್ರೇನಿಂಗ್ ರಿಜಿಸ್ಟರ್ ತೆಗೆದರೆ ಮೂರನೆಯವರ ಸಹಿ ಇತ್ತು, ಇವರಿಗೆ ನೈಟ್ ಹೆಚ್ಚಾಗುವುದಕ್ಕೂ ಮುಂಚಿನ ತಾರೀಕು.

ತೀರ್ಮಾನ ಬದಲಾಯಿತು. ಆ ಮೂವರಿಗೂ ನೈಟ್ ಸಮನಾಗಿ ಹಂಚಬೇಕು, ಆ ಸಾಲಿನ ಚಾರ್ಟ್ ಬರೆಯುವ ಕೆಲಸ ಯೋಜನಾ ವಿಭಾಗಕ್ಕೆ ಹೋಗಬೇಕು. ಸೇಡಿನ ವಿಷಯದಲ್ಲಿ ಮಾತ್ರ ಸಮಿತಿ ಹೇಳಿದ್ದೇ ಉಳಿಯಿತು. ನಾನು ತಿಳಿದದ್ದನ್ನು ಹೇಳದೆ ಉಳಿದ ಕಾರಣ ಹಾಗಾಯಿತು ಎಂಬ ನೋವು ನನಗೆ ಈಗಲೂ ಇದೆ.

ಈಗ ಕಾನೂನು ಬದಲಾಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಸಮಿತಿಗೆ 30 ದಿನದ ಗಡುವಿದೆ. ತೀರ್ಮಾನ ಒಪ್ಪದ ಕಾರ್ಮಿಕರು 60 ದಿನದೊಳಗೆ ತಮ್ಮ ಯೂನಿಯನ್ ಮೂಲಕ ಸಂಧಾನಾಧಿಕಾರಿಯ ಬಳಿ ಹೋಗಬಹುದು. ಕಂಪನಿಯ ಹೊರಗಿನವರು ನೋಡುತ್ತಾರೆ ಎನ್ನುವುದು ದೊಡ್ಡ ವ್ಯತ್ಯಾಸ. ಲೈಂಗಿಕ ಕಿರುಕುಳದ ದೂರು ಮಾತ್ರ ಈ ದಾರಿಯಲ್ಲಿ ಬರುವುದಿಲ್ಲ. ಅದಕ್ಕೆ 2013ರ ಕಾಯ್ದೆಯ ಆಂತರಿಕ ಸಮಿತಿಯೇ ಬೇರೆ ಇದೆ.

ಫೈಲ್ ಮುಚ್ಚಿದ ಮೇಲೂ ಮೂರು ತಿಂಗಳು ಆ ಆಪರೇಟರ್‌ನ ರಜೆ, ಓವರ್‌ಟೈಮ್, ಹಾಜರಾತಿ ನೋಡುತ್ತಾ ಇದ್ದೆ. ಎರಡನೇ ತಿಂಗಳು ಅವರ ಎರಡು ರಜೆ ಅರ್ಜಿಗಳು ಕಾರಣ ಬರೆಯದೇ ವಾಪಸ್ ಬಂದಿದ್ದವು. ಅದೇ ವಾರ ಅದೇ ಸಾಲಿನ ಬೇರೆಯವರಿಗೆ ರಜೆ ಸಿಕ್ಕಿತ್ತು. ಎರಡೂ ಅರ್ಜಿ ಹಿಡಿದುಕೊಂಡು ನಾನೇ ಶಾಪ್‌ಫ್ಲೋರ್‌ಗೆ ಇಳಿದೆ. ಕಾರಣ ಬರೆದುಕೊಡಿ ಎಂದು ಕೇಳಿದೆ. ಸಂಜೆಯೊಳಗೆ ಎರಡೂ ಮಂಜೂರಾಗಿ ಬಂದವು.