ನೆಫ್ರಾನಿನ ಉತ್ತರವನ್ನು ನಾನು ಲೆಕ್ಕದಿಂದ ಕಟ್ಟುವ ಬಗೆ

ಮೂತ್ರಪಿಂಡದ ಸೂಕ್ಷ್ಮ ಸೋಸುಘಟಕವಾದ ನೆಫ್ರಾನಿನಲ್ಲಿ ಮೂತ್ರ ಹೇಗೆ ಉಂಟಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಬರೆಸುವಾಗ ನಾನು ಸೋಸುವಿಕೆ, ಮರುಹೀರಿಕೆ, ಸ್ರವಿಕೆಗಳ ವ್ಯಾಖ್ಯೆಯಿಂದ ಶುರು ಮಾಡುವುದಿಲ್ಲ. ಮೊದಲು ಒಂದು ಲೆಕ್ಕ ಬರೆಸುತ್ತೇನೆ. ಎರಡೂ ಮೂತ್ರಪಿಂಡಗಳಿಗೆ ಸೇರಿ ನಿಮಿಷಕ್ಕೆ ಸುಮಾರು 1,100ರಿಂದ 1,200 ಮಿ.ಲೀ. ರಕ್ತ ಬರುತ್ತದೆ. ಅದರಲ್ಲಿ ಪ್ಲಾಸ್ಮಾ ಸುಮಾರು 625 ಮಿ.ಲೀ. ಈ ಪ್ಲಾಸ್ಮಾದಲ್ಲಿ ಸೋಸಿ ನೆಫ್ರಾನಿನ ನಾಳದ ಬಟ್ಟಲಿನಂಥ ಆರಂಭವಾದ ಬೌಮನ್ ಕೋಶಕ್ಕೆ ಇಳಿಯುವುದು 125 ಮಿ.ಲೀ., ಅಂದರೆ ಐದರಲ್ಲಿ ಒಂದು ಪಾಲು. ಉಳಿದ 500 ಮಿ.ಲೀ. ಆ ಕೋಶದೊಳಗಿನ ಲೋಮನಾಳಗಳ ಗೊಂಚಲಾದ ಗ್ಲೋಮೆರುಲಸ್ಸಿನಿಂದ ಹೊರಗೊಯ್ಯುವ ಕಿರು ಅಪಧಮನಿಯ ಮೂಲಕ ಹೊರಟು, ನೆಫ್ರಾನಿನ ನಾಳಗಳನ್ನು ಸುತ್ತಿಕೊಂಡಿರುವ ಎರಡನೆಯ ಲೋಮನಾಳ ಜಾಲಕ್ಕೆ ಹೋಗುತ್ತದೆ. ಉತ್ತರದ ಮುಕ್ಕಾಲು ಪಾಲು ಈ ಎರಡನೆಯ ಜಾಲದಲ್ಲಿದೆ. ಚಿತ್ರದಲ್ಲಿ ಅದನ್ನು ಬಿಟ್ಟವರಿಗೆ ಮರುಹೀರಿಕೆಯಾದದ್ದು ಎಲ್ಲಿಗೆ ಹೋಯಿತು, ಸ್ರವಿಸಿದ್ದು ಎಲ್ಲಿಂದ ಬಂತು ಎಂದು ತೋರಿಸಲು ದಾರಿಯೇ ಇರುವುದಿಲ್ಲ.

ಸೋಸುವಿಕೆಯ ಬಗ್ಗೆ ನಾನು ತಿದ್ದುವ ಉತ್ತರಗಳಲ್ಲಿ ಪದೇ ಪದೇ ಕಾಣುವ ವಾಕ್ಯ ಒಂದಿದೆ: ‘ಗ್ಲೋಮೆರುಲಸ್ ಬೇಡವಾದ ವಸ್ತುಗಳನ್ನು ಸೋಸಿ ಹೊರಹಾಕುತ್ತದೆ.’ ಇದು ತಪ್ಪು. ಅಲ್ಲಿ ಬೇಕಾದದ್ದು, ಬೇಡವಾದದ್ದು ಎಂಬ ಆಯ್ಕೆ ನಡೆಯುವುದಿಲ್ಲ. ಕಣದ ಗಾತ್ರ ಮತ್ತು ಅದರ ವಿದ್ಯುದಾವೇಶ, ಈ ಎರಡನ್ನು ನೋಡಿ ಮಾತ್ರ ಪೊರೆ ದಾರಿ ಬಿಡುತ್ತದೆ. ಗ್ಲೂಕೋಸ್, ಅಮೈನೋ ಆಮ್ಲ, ಸೋಡಿಯಂ, ಯೂರಿಯಾ ಎಲ್ಲವೂ ಒಟ್ಟಿಗೆ ಇಳಿಯುತ್ತವೆ. ರಕ್ತಕಣಗಳು ಮತ್ತು ಬಹುಪಾಲು ಪ್ರೋಟೀನುಗಳು ಹಿಂದೆ ಉಳಿಯುತ್ತವೆ. ಆಲ್ಬುಮಿನ್ ಹಿಂದೆ ಉಳಿಯಲು ಅದರ ಗಾತ್ರದ ಜೊತೆಗೆ ಅದರ ಋಣಾವೇಶವೂ ಕಾರಣ, ಏಕೆಂದರೆ ಪೊರೆಯೂ ಋಣಾವೇಶದ್ದೇ. ಹಾಗಾಗಿ ಬೌಮನ್ ಕೋಶದಲ್ಲಿರುವುದು ಮೂತ್ರವಲ್ಲ, ಪ್ರೋಟೀನಿಲ್ಲದ ಪ್ಲಾಸ್ಮಾ ಎನ್ನಬಹುದಾದ ಸೋಸುದ್ರವ. ಉತ್ತರದಲ್ಲಿ ‘ಮೂತ್ರ’ ಎಂಬ ಮಾತು ಸಂಗ್ರಾಹಕ ನಾಳದ ಕೊನೆಯವರೆಗೂ ಬರಬಾರದು.

ಇಳಿಸುವ ಬಲ ಎಲ್ಲಿಯದು ಎಂಬುದಕ್ಕೆ ಮೂರು ಅಂಕಿ ಸಾಕು. ಗ್ಲೋಮೆರುಲಸ್ಸಿನೊಳಗಿನ ರಕ್ತದ ಒತ್ತಡ ಸುಮಾರು 60 ಮಿ.ಮೀ. ಪಾದರಸ. ಇದು ಹೊರಕ್ಕೆ ತಳ್ಳುತ್ತದೆ. ಪ್ಲಾಸ್ಮಾ ಪ್ರೋಟೀನುಗಳು 32ರಷ್ಟು ಬಲದಿಂದ ನೀರನ್ನು ಒಳಕ್ಕೆ ಹಿಡಿದುಕೊಳ್ಳುತ್ತವೆ, ಕೋಶದಲ್ಲಿ ಆಗಲೇ ಇರುವ ದ್ರವ 18ರಷ್ಟು ಎದುರು ಒತ್ತುತ್ತದೆ. 60ರಲ್ಲಿ 50 ಕಳೆದರೆ ಉಳಿಯುವುದು 10. ಇಷ್ಟು ಸಣ್ಣ ಒತ್ತಡದಿಂದಲೇ ದಿನಕ್ಕೆ 180 ಲೀಟರ್ ಇಳಿಯುತ್ತದೆ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಾಗ ಹಿಂದೆ ನಿಂತ ದ್ರವ ಕೋಶದ ಒತ್ತಡವನ್ನು ಏರಿಸುತ್ತದೆ. ಉಳಿದ ಎರಡು ಅಂಕಿ ಬದಲಾಗದಿದ್ದರೆ, ಅದು 18ರಿಂದ 28ಕ್ಕೆ ಏರಿದೊಡನೆ ಆ ಬದಿಯ ಸೋಸುವಿಕೆ ನಿಲ್ಲಬೇಕು. ಚಿತ್ರದಲ್ಲಿ ಒಳತರುವ ಅಪಧಮನಿಯನ್ನು ದಪ್ಪಗೆ, ಹೊರಗೊಯ್ಯುವುದನ್ನು ಸಣ್ಣಗೆ ಬರೆಯಿರಿ. ಒತ್ತಡ ಅಷ್ಟು ಹೆಚ್ಚಿರಲು ಅದೂ ಒಂದು ಕಾರಣ.

ಮರುಹೀರಿಕೆಗೆ ನಾನು ಒಂದೇ ವಸ್ತುವನ್ನು ಹಿಡಿದು ಕೊನೆಯವರೆಗೆ ಹೋಗುತ್ತೇನೆ: ಗ್ಲೂಕೋಸ್. ರಕ್ತದಲ್ಲಿ 100 ಮಿ.ಲೀ.ಗೆ 100 ಮಿ.ಗ್ರಾಂ ಇದೆ ಎನ್ನೋಣ. ಅಂದರೆ ಒಂದು ಮಿ.ಲೀ.ನಲ್ಲಿ ಒಂದು ಮಿ.ಗ್ರಾಂ. ನಿಮಿಷಕ್ಕೆ 125 ಮಿ.ಲೀ. ಸೋಸಿದರೆ ಅದರೊಂದಿಗೆ 125 ಮಿ.ಗ್ರಾಂ ಗ್ಲೂಕೋಸ್ ಇಳಿಯಿತು, ದಿನಕ್ಕೆ 180 ಗ್ರಾಂ. ಮೂತ್ರದಲ್ಲಿ ಮಾತ್ರ ಹೆಚ್ಚುಕಡಿಮೆ ಏನೂ ಇಲ್ಲ. ಅಷ್ಟೂ ಬೌಮನ್ ಕೋಶವಾದೊಡನೆ ಬರುವ ಸಮೀಪದ ಸುರುಳಿ ನಾಳದಲ್ಲೇ ವಾಪಸಾಗಿದೆ. ಆ ನಾಳದ ಜೀವಕೋಶಗಳಲ್ಲಿ ನಾಳದೊಳಕ್ಕೆ ಮುಖ ಮಾಡಿದ ಮೈಯಲ್ಲಿ ಬ್ರಷ್ಷಿನಂಥ ಸೂಕ್ಷ್ಮ ಎಳೆಗಳಿವೆ. ಅಲ್ಲಿನ ವಾಹಕ ಪ್ರೋಟೀನುಗಳು ಸೋಡಿಯಂನ ಜೊತೆಗೆ ಗ್ಲೂಕೋಸನ್ನೂ ಒಳಗೆಳೆಯುತ್ತವೆ. ಸೋಡಿಯಂ ಒಳಕ್ಕೆ ನುಗ್ಗಲು ಕಾರಣ, ಜೀವಕೋಶದ ರಕ್ತದ ಬದಿಯಲ್ಲಿರುವ ಪಂಪು ಎಟಿಪಿ ಖರ್ಚು ಮಾಡಿ ಸೋಡಿಯಂನ್ನು ಹೊರಹಾಕುತ್ತಲೇ ಇರುವುದು. ಶಕ್ತಿ ಖರ್ಚಾಗುವ ಜಾಗ ಇದು. ನೀರಿಗೆ ಇಂಥ ಪಂಪು ಯಾವ ಭಾಗದಲ್ಲೂ ಇಲ್ಲ, ಅದು ಲವಣದ ಹಿಂದೆಯೇ ಆಸ್ಮಾಸಿಸ್‌ನಿಂದ ಹೋಗುತ್ತದೆ. ‘ನೀರು ಸಕ್ರಿಯವಾಗಿ ಹೀರಲ್ಪಡುತ್ತದೆ’ ಎಂದು ಬರೆದರೆ ಅಂಕ ಹೋಗುವುದು ನ್ಯಾಯವೇ.

ಈಗ ರಕ್ತದ ಗ್ಲೂಕೋಸನ್ನು 400ಕ್ಕೆ ಏರಿಸಿ ನೋಡಿ. ಸೋಸುವ ಪ್ರಮಾಣ ಅಷ್ಟೇ ಇದ್ದರೆ ನಿಮಿಷಕ್ಕೆ 500 ಮಿ.ಗ್ರಾಂ ಇಳಿಯುತ್ತದೆ. ವಾಹಕಗಳ ಸಂಖ್ಯೆಗೆ ಮಿತಿಯಿದೆ. ಎಲ್ಲ ನೆಫ್ರಾನುಗಳೂ ಸೇರಿ ನಿಮಿಷಕ್ಕೆ ಸುಮಾರು 375 ಮಿ.ಗ್ರಾಂ ಎತ್ತಬಲ್ಲವು. ಮಿಕ್ಕ 125 ಮಿ.ಗ್ರಾಂ ಮೂತ್ರಕ್ಕೆ ಹೋಗುತ್ತದೆ. ಇದೇ ಲೆಕ್ಕದ ಪ್ರಕಾರ ರಕ್ತದಲ್ಲಿ 300 ದಾಟುವವರೆಗೆ ಮೂತ್ರದಲ್ಲಿ ಗ್ಲೂಕೋಸ್ ಕಾಣಬಾರದು, ಆದರೆ 180ರಿಂದ 200ರ ಸುಮಾರಿಗೇ ಕಾಣುತ್ತದೆ. ಎಲ್ಲ ನೆಫ್ರಾನುಗಳ ಸಾಮರ್ಥ್ಯ ಒಂದೇ ಸಮನಾಗಿಲ್ಲ. ಕೆಲವು ಬೇಗ ಸೋಲುತ್ತವೆ, ಅವು ಬಿಟ್ಟದ್ದು ಕೆಳಗೆ ಹರಿಯುತ್ತದೆ. ನಾಳದಲ್ಲೇ ಉಳಿದ ಈ ಗ್ಲೂಕೋಸ್ ನೀರನ್ನೂ ತನ್ನ ಜೊತೆ ಹಿಡಿದಿಟ್ಟುಕೊಳ್ಳುತ್ತದೆ. ಹತೋಟಿ ತಪ್ಪಿದ ಮಧುಮೇಹದಲ್ಲಿ ಮೂತ್ರ ಹೆಚ್ಚುವುದೂ ಬಾಯಾರುವುದೂ ಇದರಿಂದಲೇ.

ಸಮೀಪದ ನಾಳದ ಮುಂದೆ ಬರುವ ಹೆನ್ಲೆಯ ಕುಣಿಕೆಯನ್ನು ಎರಡೇ ವಾಕ್ಯದಲ್ಲಿ ಮುಗಿಸುತ್ತೇನೆ, ಏಕೆಂದರೆ ಮೂತ್ರ ಗಟ್ಟಿಯಾಗುವ ಬಗೆ ಬೇರೆಯದೇ ಪ್ರಶ್ನೆ. ಇಳಿಯುವ ತೋಳು ನೀರನ್ನು ಬಿಡುತ್ತದೆ, ಲವಣವನ್ನು ಹೆಚ್ಚು ಬಿಡದು. ಏರುವ ತೋಳು ಲವಣವನ್ನು ಹೊರಕಳಿಸುತ್ತದೆ, ನೀರನ್ನು ಬಿಡದು.

ಸ್ರವಿಕೆಯನ್ನು ಹೆಚ್ಚಿನವರು ‘ಹೈಡ್ರೋಜನ್, ಪೊಟ್ಯಾಸಿಯಂ, ಅಮೋನಿಯಾ ಸ್ರವಿಸುತ್ತವೆ’ ಎಂಬ ಒಂದು ಸಾಲಿಗೆ ಬಿಡುತ್ತಾರೆ. ಹಾಗೊಂದು ಹಂತ ನಿಜವಾಗಿ ಇದೆ ಎಂದು ಗೊತ್ತಾಗುವುದು ಹೇಗೆ? ಮೊದಲು ಬರೆಸಿದ 500 ಮಿ.ಲೀ. ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ಯಾರಾ-ಅಮೈನೋಹಿಪ್ಯೂರಿಕ್ ಆಮ್ಲ ಎಂಬ ಪರೀಕ್ಷಾ ವಸ್ತುವನ್ನು ರಕ್ತಕ್ಕೆ ಕೊಟ್ಟು, ಪ್ಲಾಸ್ಮಾದ 100 ಮಿ.ಲೀ.ಗೆ ಒಂದು ಮಿ.ಗ್ರಾಂ ಇರುವಂತೆ ಇಟ್ಟಿದ್ದೇವೆ ಎನ್ನಿ. ನಿಮಿಷಕ್ಕೆ ಮೂತ್ರಪಿಂಡಕ್ಕೆ ಬಂದದ್ದು 6.25 ಮಿ.ಗ್ರಾಂ. ಸೋಸಿ ಇಳಿಯಬಹುದಾದದ್ದು ಅದರ ಐದನೆಯ ಒಂದು ಪಾಲು, 1.25. ಆದರೆ ಬಂದದ್ದರಲ್ಲಿ ಶೇಕಡಾ 90ರಷ್ಟು, ಅಂದರೆ ಸುಮಾರು 5.6 ಮಿ.ಗ್ರಾಂ, ಮೂತ್ರದಲ್ಲಿ ಸಿಗುತ್ತದೆ. ನಡುವಿನ 4.4 ಮಿ.ಗ್ರಾಂ ಸೋಸುವಿಕೆಯಿಂದ ಬಂದಿರಲಾರದು. ಸೋಸದೆ ಮುಂದೆ ಹೋದ ರಕ್ತದಿಂದ ನಾಳದ ಜೀವಕೋಶಗಳೇ ಅದನ್ನು ಎಳೆದು ಒಳಕ್ಕೆ ಬಿಟ್ಟಿವೆ. ಪೆನಿಸಿಲಿನ್ ಕೂಡ ಬಹುಪಾಲು ಇದೇ ದಾರಿಯಲ್ಲಿ ಹೊರಹೋಗುತ್ತದೆ. ಅದಕ್ಕೇ ರಕ್ತದಲ್ಲಿ ಅದು ಬಹಳ ಹೊತ್ತು ನಿಲ್ಲುವುದಿಲ್ಲ.

ಉತ್ತರದಲ್ಲಿ ಇದನ್ನು ಒಂದು ಸಾಲಿನ ಸಮೀಕರಣವಾಗಿ ಬರೆಸುತ್ತೇನೆ:

ಮೂತ್ರದಲ್ಲಿ ಹೋದದ್ದು = ಸೋಸಿದ್ದು − ಮರುಹೀರಿದ್ದು + ಸ್ರವಿಸಿದ್ದು

ಮೂತ್ರದಲ್ಲಿ ಹೋದದ್ದು ಸೋಸಿದ್ದಕ್ಕಿಂತ ಹೆಚ್ಚಿದ್ದರೆ ಸ್ರವಿಕೆ ಆಗಿಯೇ ಇದೆ. ಕಡಿಮೆಯಿದ್ದರೆ ಮರುಹೀರಿಕೆ ಮೇಲುಗೈ ಸಾಧಿಸಿದೆ, ಆದರೆ ಸ್ರವಿಕೆ ಇಲ್ಲವೇ ಇಲ್ಲ ಎಂದು ಹೇಳುವಂತಿಲ್ಲ. ಪೊಟ್ಯಾಸಿಯಂ ಇದಕ್ಕೆ ಸರಿಯಾದ ಸಾಕ್ಷಿ. ಸೋಸಿದ ಪೊಟ್ಯಾಸಿಯಂನ ಬಹುಪಾಲು ಸಮೀಪದ ನಾಳ ಮತ್ತು ಕುಣಿಕೆಯಲ್ಲೇ ವಾಪಸಾಗುತ್ತದೆ. ಆಮೇಲೆ ಕುಣಿಕೆಯ ಮುಂದಿನ ದೂರದ ನಾಳದ ಕೊನೆ ಮತ್ತು ಸಂಗ್ರಾಹಕ ನಾಳ ಆಲ್ಡೋಸ್ಟಿರಾನ್ ಎಂಬ ಹಾರ್ಮೋನಿನ ಮಾತು ಕೇಳಿ ಬೇಕಾದಷ್ಟನ್ನು ಮತ್ತೆ ಒಳಕ್ಕೆ ಬಿಡುತ್ತವೆ. ಮೂತ್ರದಲ್ಲಿ ಕಾಣುವ ಪೊಟ್ಯಾಸಿಯಂ ಹೆಚ್ಚಾಗಿ ಹೀಗೆ ಸ್ರವಿಸಿದ್ದು.

ಚಿತ್ರಕ್ಕೆ ಮೂರು ಬಾಣ: ಗ್ಲೋಮೆರುಲಸ್ಸಿನಿಂದ ಕೋಶಕ್ಕೆ ಒಂದು, ನಾಳದಿಂದ ಲೋಮನಾಳಕ್ಕೆ ಒಂದು, ಲೋಮನಾಳದಿಂದ ನಾಳಕ್ಕೆ ಒಂದು. ಸ್ರವಿಕೆಯ ಬಾಣವನ್ನು ದೂರದ ನಾಳದಲ್ಲಷ್ಟೇ ಹಾಕಿ ನಿಲ್ಲಿಸಬೇಡಿ, ಸಮೀಪದ ನಾಳದಲ್ಲೂ ಬೇಕು. ಹೈಡ್ರೋಜನ್ ಅಯಾನು, ಅಮೋನಿಯಾ, ಪೆನಿಸಿಲಿನ್ ಅಲ್ಲೂ ಸ್ರವಿಸುತ್ತವೆ.