ಏಪ್ರಿಲ್ ತಿಂಗಳ ಸಿಮೆಂಟಿಗೆ ಎಷ್ಟು ಹೋಯ್ತು?

ಮನೆ ಕಟ್ಟಿಸುವಾಗ ಖರ್ಚೆಲ್ಲಾ ಗೂಗಲ್ ಶೀಟಿನಲ್ಲಿ ಬರೆದಿಡುತ್ತಿದ್ದೆ. A ಕಾಲಮ್ಮಿನಲ್ಲಿ ತಾರೀಖು, B ಯಲ್ಲಿ ಬಾಬ್ತು, C ಯಲ್ಲಿ ವಿವರ, D ಯಲ್ಲಿ ಮೊತ್ತ. 2024ರ ಏಪ್ರಿಲಿನಲ್ಲಿ ಸಿಮೆಂಟಿಗೆ ಮಾತ್ರ ಎಷ್ಟಾಯ್ತು ಅಂತ ನೋಡಬೇಕಿತ್ತು. G1 ರಲ್ಲಿ "ಸಿಮೆಂಟ್", G2 ರಲ್ಲಿ ಏಪ್ರಿಲ್ 1, G3 ರಲ್ಲಿ ಏಪ್ರಿಲ್ 30 ಇಟ್ಟು ಹೀಗೆ ಬರೆದೆ:

```
=SUMIFS(D2:D500,B2:B500,G1,A2:A500,">="&G2,A2:A500,"<="&G3)
```

ಮೊದಲು ಕೂಡಬೇಕಾದ ಕಾಲಮ್ಮು, ಆಮೇಲೆ ಒಂದೊಂದು ಷರತ್ತಿಗೂ ಒಂದು ಕಾಲಮ್ಮು, ಒಂದು ಷರತ್ತು. ಎಲ್ಲಾ ಷರತ್ತು ಒಟ್ಟಿಗೆ ಹೊಂದಿದ ಸಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ. ಚಿಹ್ನೆ ಕೋಟ್ ಒಳಗೆ, ಸೆಲ್ ಹೆಸರು ಹೊರಗೆ, ನಡುವೆ &. ಸೆಲ್ ಹೆಸರೂ ಕೋಟ್ ಒಳಗೆ ಹೋದರೆ ಅದು ಬರೀ ಅಕ್ಷರವಾಗಿಬಿಡುತ್ತದೆ.

ಉತ್ತರ ಬಂದದ್ದು 0. ಆದರೆ ಆ ತಿಂಗಳಲ್ಲಿ 5ನೇ ತಾರೀಖು 20,000, 18ಕ್ಕೆ 16,000, 30ಕ್ಕೆ 12,000 ರೂಪಾಯಿ ಸಿಮೆಂಟಿಗೆ ಹೋಗಿತ್ತು. ಈ ಫಂಕ್ಷನ್ನಿನ ತೊಂದರೆಯೇ ಇದು: ತಾರೀಖು ಸರಿಯಿಲ್ಲ ಅಂತ ದೂರುವುದಿಲ್ಲ, ಸುಮ್ನೆ ಬಿಟ್ಟುಬಿಡುತ್ತದೆ.

ಶೀಟಿನ ಲೊಕೇಲ್, ಅಂದರೆ ಯಾವ ದೇಶದ ಪದ್ಧತಿಯಲ್ಲಿ ತಾರೀಖು ಓದಬೇಕು ಅನ್ನುವ ಸೆಟ್ಟಿಂಗ್, ಅಮೆರಿಕದ್ದಾಗಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಹಾಗಾಗಿ ಕೈಯಲ್ಲಿ ಟೈಪ್ ಮಾಡಿದ 18/04/2024 ಅದಕ್ಕೆ ತಾರೀಖೇ ಅಲ್ಲ, ಬರೀ ಅಕ್ಷರ. ಇದನ್ನು ಹಿಡಿಯುವುದು ಸುಲಭ, ತಾರೀಖು ಸೆಲ್ಲಿನ ಬಲಕ್ಕೆ ಕೂರುತ್ತದೆ, ಅಕ್ಷರ ಎಡಕ್ಕೆ. ಜಾಸ್ತಿ ಮೋಸ ಮಾಡುವುದು 05/04/2024. ಅದು ಬಲಕ್ಕೇ ಇರುತ್ತದೆ, ಆದರೆ ಒಳಗೆ ಮೇ 4 ಆಗಿ ಕೂತಿರುತ್ತದೆ. ತಿಂಗಳ ಹೆಸರು ಕಾಣುವ ಹಾಗೆ ಫಾರ್ಮ್ಯಾಟ್ ಬದಲಿಸಿದರೆ ಗುಟ್ಟು ಬಯಲು.

File > Settings ಗೆ ಹೋಗಿ Locale ಅನ್ನು India ಮಾಡಿದೆ. ಹಾಗಂತ ಹಳೆಯ ಸಾಲುಗಳು ತಾವೇ ಸರಿಯಾಗುವುದಿಲ್ಲ. ತಿಂಗಳು ಅದಲುಬದಲಾದ ತಾರೀಖುಗಳನ್ನೂ ಅಕ್ಷರವಾಗಿದ್ದವನ್ನೂ ಮತ್ತೆ ಟೈಪ್ ಮಾಡಿದೆ.

ಈಗ 36,000 ಬಂತು. 30ನೇ ತಾರೀಖಿನ 12,000 ಇನ್ನೂ ಹೊರಗೇ ಇತ್ತು. ಆ ಸಾಲು ತಮ್ಮ ತನ್ನ ಫೋನಿನಿಂದ ಗೂಗಲ್ ಫಾರ್ಮ್ ತುಂಬಿದ್ದರಿಂದ ಬಂದದ್ದು, ಅದರಲ್ಲಿ ತಾರೀಖಿನ ಜೊತೆ ಸಂಜೆಯ ಸಮಯವೂ ಸೇರಿತ್ತು. ಶೀಟಿಗೆ ಬರೀ "ಏಪ್ರಿಲ್ 30" ಅಂದರೆ ಆ ದಿನದ ಮಧ್ಯರಾತ್ರಿ 12 ಗಂಟೆ, ದಿನ ಶುರುವಾಗುವ ಹೊತ್ತು. ಸಂಜೆ ಅದಕ್ಕಿಂತ ದೊಡ್ಡದೇ ಅಲ್ವಾ? ಕೊನೆಯ ಷರತ್ತನ್ನು "ಮರುದಿನಕ್ಕಿಂತ ಮೊದಲು" ಅಂತ ತಿದ್ದಿದೆ:

```
=SUMIFS(D2:D500,B2:B500,G1,A2:A500,">="&G2,A2:A500,"<"&G3+1)
```

48,000 ಬಂತು. ಸಿಮೆಂಟ್ ಸಾಲುಗಳನ್ನು ಫಿಲ್ಟರ್ ಮಾಡಿ, ಏಪ್ರಿಲಿನ ಮೊತ್ತಗಳನ್ನು ಸೆಲೆಕ್ಟ್ ಮಾಡಿ ಕೆಳಗಿನ ಮೂಲೆಯ Sum ನೋಡಿದೆ, ತಾಳೆಯಾಯ್ತು. ಆಮೇಲೆ B ಕಾಲಮ್ಮಿಗೆ ಡ್ರಾಪ್‌ಡೌನ್ ಹಾಕಿದೆ. ಒಬ್ಬರು "ಸಿಮೆಂಟ್", ಇನ್ನೊಬ್ಬರು "ಸಿಮೆಂಟು" ಅಂತ ಬರೆದರೂ ಆ ಸಾಲು ಇದೇ ರೀತಿ ಸದ್ದಿಲ್ಲದೆ ಬಿಟ್ಟುಹೋಗುತ್ತದೆ.